ಮಠದ ಪಡಸಾಲೆಯಲ್ಲಿ ನಲವತ್ತು ಎಲೆ



ಸಿಂಧನೂರು, ಮಸ್ಕಿ, ಲಿಂಗಸೂಗೂರು ಒಂದೇ ಹೆದ್ದಾರಿಯ ಮೇಲಿನ ಊರುಗಳು. ಈ ಮೂರೂ ಕಡೆ, ಶಾಲೆ ಬಿಟ್ಟ ಮೇಲೆ ಐದು ಗಂಟೆಯಿಂದ ಆರರವರೆಗೆ, ಐದನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ನಾವು ಕೆಲವು ನಿವೃತ್ತರು ಬಾಯಿಲೆಕ್ಕ ಕಲಿಸುತ್ತಿದ್ದೇವೆ. ಕಲಿಸುವ ಸಾಮಾನು ಎಂದರೆ ಇಸ್ಪೀಟು ಎಲೆ. ರಾಜ, ರಾಣಿ, ಗುಲಾಮರನ್ನು ತೆಗೆದಿಟ್ಟು ಉಳಿದ ನಲವತ್ತು ಎಲೆಗಳಲ್ಲಿ ಆಟ. ಈ ಮೂರೂರುಗಳಲ್ಲಿ ಒಂದೂರಿನ ಮಠದ ಪಡಸಾಲೆಯಲ್ಲಿ ಶುರುವಾದ ಎರಡನೆಯ ವಾರಕ್ಕೆ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು ಕೇಳಿದರು: "ಇಂಜಿನಿಯರ್ ಸಾಹೇಬ್ರ, ಮಠದಾಗ ಇಸ್ಪೀಟ ಆಡಸಾಕ ಹತ್ತೀರೇನ್ರಿ? ಅಪ್ಪಾರಿಗೆ ಗೊತ್ತೈತೇನ್ರಿ?"

ಈ ಪ್ರಶ್ನೆ ಸಣ್ಣದಲ್ಲ. ನಮ್ಮ ಭಾಗದಲ್ಲಿ ಎಲೆ ಎಂದರೆ ಅಂದರ್ ಬಾಹರ್. ಹೊಲ ಮಾರಿದವರು, ಹೆಂಡತಿಯ ಕೊರಳಿನದನ್ನು ಒತ್ತೆಯಿಟ್ಟವರು ಯಾರೆಂದು ಪ್ರತಿ ಓಣಿಯವರಿಗೂ ಗೊತ್ತಿದೆ. ಜೂಜಿನಿಂದ ಕೆಟ್ಟ ಮನೆಯ ಮಗು ನಮ್ಮ ಗುಂಪಿನಲ್ಲೂ ಇರಬಹುದು. ಆದ್ದರಿಂದ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಠದ ಸಮಿತಿ ಇನ್ನೂ ತೀರ್ಮಾನಕ್ಕೆ ಬಂದಿಲ್ಲ, ಅಷ್ಟರಲ್ಲಿ ಎರಡು ಮನೆಯವರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದ್ದಾರೆ. ಹಾಗಾಗಿ ಪಡಸಾಲೆಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಈ ಪತ್ರಿಕೆಯ ಮೂಲಕ ಬಿಡಿಸಿ ಹೇಳಬೇಕೆನಿಸಿತು.

ಮೊದಲು ಜೂಜಿನ ಮಾತು ಮುಗಿಸಿಬಿಡುತ್ತೇನೆ. ಅಂದರ್ ಬಾಹರ್‌ನಲ್ಲಿ ಒಂದು ಎಲೆ ತೆರೆದಿಡುತ್ತಾರೆ. ಆಮೇಲೆ ಒಳಗೊಂದು ಹೊರಗೊಂದು ಎಲೆ ಹಾಕುತ್ತಾ ಹೋಗುತ್ತಾರೆ. ಅದೇ ಅಂಕೆಯ ಎಲೆ ಯಾವ ಕಡೆ ಬಿತ್ತೋ ಆ ಕಡೆಗೆ ಹಣ ಕಟ್ಟಿದವನು ಗೆದ್ದ. ಆಡುವವನು ಮಾಡುವ ಲೆಕ್ಕ ಏನೂ ಇಲ್ಲ. ಕೂಡುವುದಿಲ್ಲ, ಕಳೆಯುವುದಿಲ್ಲ, ಕಾಯುತ್ತಾನೆ ಅಷ್ಟೆ. ಪಣವನ್ನು ತೆಗೆದುಬಿಟ್ಟರೆ ಆ ಆಟದಲ್ಲಿ ಐದು ನಿಮಿಷ ಕೂರುವಂಥದ್ದು ಏನೂ ಉಳಿಯುವುದಿಲ್ಲ. ನಮ್ಮ ಆಟದಲ್ಲಿ ಪಣವಿಲ್ಲ. ಗೆದ್ದವನಿಗೆ ಪೆಪ್ಪರಮಿಂಟೂ ಇಲ್ಲ. ಹುಣಸೆಬೀಜ ಇಟ್ಟುಕೊಂಡಿದ್ದೇವೆ, ಅದು ಎಣಿಕೆಗೆ. ಆಟ ಮುಗಿದ ಮೇಲೆ ಎಲ್ಲವೂ ಡಬ್ಬಿಗೆ ಹೋಗಬೇಕು. ಒಬ್ಬ ಹುಡುಗ ಎರಡು ಬೀಜ ಕಿಸೆಯಲ್ಲಿ ಹಾಕಿಕೊಂಡು ಹೋದಾಗ ಮರುದಿನ ವಾಪಸ್ ತರಿಸಿದ್ದೂ ಉಂಟು. ಬೀಜಕ್ಕಿರುವ ಬೆಲೆಗಾಗಿ ಅಲ್ಲ, "ಗೆದ್ದದ್ದು ನನ್ನದು" ಎನ್ನುವ ಅಭ್ಯಾಸ ಮೊಳೆಯಬಾರದೆಂದು.

ಇಸ್ಪೀಟಿನ ಚಿತ್ರವೇ ಕಣ್ಣಿಗೆ ಚುಚ್ಚುತ್ತದೆ ಎನ್ನುವವರಿಗಾಗಿ ಮಸ್ಕಿಯ ಗುಂಪಿನಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ನಾವೇ ಎಲೆ ಮಾಡಿಕೊಂಡೆವು. ಒಂದರಿಂದ ಹತ್ತರವರೆಗೆ ನಾಲ್ಕು ಜೊತೆ. ಅಲ್ಲಿಯೂ ಒಂದು ತೊಡಕು ಬಂತು. ನಮ್ಮವರ ಲಗ್ನಪತ್ರಿಕೆಯ ಮೇಲೆ ಬಸವಣ್ಣನವರ ಭಾವಚಿತ್ರ ಇರುತ್ತದೆ, ಅದಕ್ಕೆ ಕತ್ತರಿ ಹಾಕಬಾರದೆಂದು ತಾಯಂದಿರು ಹೇಳಿದರು. ಸರಿಯಾದ ಮಾತು. ಆ ಭಾಗವನ್ನು ಬಿಟ್ಟು ಒಳಗಿನ ಖಾಲಿ ಹಾಳೆಯನ್ನಷ್ಟೇ ತೆಗೆದುಕೊಳ್ಳುತ್ತೇವೆ. ಕೈಯಿಂದ ಮಾಡಿದ ಎಲೆಯ ನಿಜವಾದ ದೋಷ ಬೇರೆಯದು: ಹದಿನೈದು ದಿನದಲ್ಲಿ ಮೂಲೆ ಮಡಿಚಿ, ಯಾವ ಎಲೆ ಯಾವುದೆಂದು ಮಕ್ಕಳು ಬೆನ್ನು ನೋಡಿಯೇ ಹೇಳುತ್ತಾರೆ. ಅಂಗಡಿಯ ಪ್ಲಾಸ್ಟಿಕ್ ಎಲೆಗೆ ಆ ತೊಂದರೆ ಇಲ್ಲ. ಎರಡರಲ್ಲಿ ಯಾವುದನ್ನು ಬಳಸಿದರೂ ಆಟ ಒಂದೇ. ಸರ್ಕಾರಿ ಶಾಲೆಯ ಮಕ್ಕಳಿಗಂತೂ ಕೈಯಲ್ಲಿ ಕಾರ್ಡು ಹಿಡಿದು ಕಲಿಯುವುದು ಹೊಸದಲ್ಲ; ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿಯಲ್ಲಿ ಅವರು ಕಲಿತದ್ದೇ ಕಾರ್ಡುಗಳಿಂದ.

ಇನ್ನು ಆಟಕ್ಕೆ ಬರೋಣ. ಹಲವು ಆಟಗಳಿವೆ, ನಾನು ಒಂದನ್ನೇ ಹೇಳುತ್ತೇನೆ. ಮಕ್ಕಳು ಅದಕ್ಕೆ "ಕಳೆದ ಎಲೆ" ಎಂದು ಹೆಸರಿಟ್ಟಿದ್ದಾರೆ.

ಒಂದೇ ಜೊತೆಯ ಹತ್ತು ಎಲೆ ತೆಗೆದುಕೊಳ್ಳಿ, ಎಕ್ಕದಿಂದ ಹತ್ತರವರೆಗೆ. ಎಕ್ಕ ಎಂದರೆ ಒಂದು. ಎಲ್ಲವನ್ನೂ ಕೂಡಿದರೆ 55. ಕಲಸಿ, ಒಂದು ಎಲೆಯನ್ನು ಯಾರೂ ನೋಡದಂತೆ ಎಳೆದು ಚಾಪೆಯ ಕೆಳಗಿಡಿ. ಉಳಿದ ಒಂಬತ್ತನ್ನು ಮಗು ಒಂದೊಂದಾಗಿ ತಿರುವುತ್ತಾ ಕೂಡುತ್ತಾ ಹೋಗಬೇಕು, ಕೊನೆಗೆ ಚಾಪೆಯ ಕೆಳಗಿನ ಎಲೆ ಯಾವುದೆಂದು ಹೇಳಬೇಕು. ಕೂಡುವಾಗ ಒಂದು ನಿಯಮವಿದೆ: ಹತ್ತು ತುಂಬಿದ ಕೂಡಲೇ ಹತ್ತನ್ನು ಬಿಟ್ಟುಬಿಡುವುದು, ಬಿಡಿಯನ್ನು ಮಾತ್ರ ನಾಲಿಗೆಯ ಮೇಲೆ ಇಟ್ಟುಕೊಳ್ಳುವುದು.

ಮೊನ್ನೆ ಸಿಂಧನೂರಿನಲ್ಲಿ ಬಿದ್ದ ಕ್ರಮ ಇದು: 7, 4, 9, 2, 10, 6, 3, 8, 1. ಹುಡುಗಿ ಬಾಯಲ್ಲಿ ಹೇಳಿದ್ದು ಹೀಗೆ: ಏಳು; ಏಳಕ್ಕೆ ನಾಲ್ಕು ಸೇರಿ ಹನ್ನೊಂದು, ಹತ್ತು ಬಿಟ್ಟು ಒಂದು; ಒಂದಕ್ಕೆ ಒಂಬತ್ತು ಸೇರಿ ಸೊನ್ನೆ; ಎರಡು; ಹತ್ತು ಬಂತು, ಎರಡು ಎರಡೇ; ಎಂಟು; ಎಂಟಕ್ಕೆ ಮೂರು ಸೇರಿ ಒಂದು; ಒಂಬತ್ತು; ಕೊನೆಗೆ ಸೊನ್ನೆ. ಒಟ್ಟು ಮೊತ್ತದ ಬಿಡಿ 5 ಇರಬೇಕಿತ್ತು, ಇಲ್ಲಿ 0 ಬಂದಿದೆ. ಆದ್ದರಿಂದ ಕಳೆದದ್ದು 5. ಚಾಪೆ ಎತ್ತಿ ನೋಡಿದರೆ ಐದೇ. ಕೊನೆಯ ಬಿಡಿ 5ಕ್ಕಿಂತ ದೊಡ್ಡದಾದರೆ 15ರಿಂದ ಕಳೆಯಬೇಕು: 7 ಬಂದಿದ್ದರೆ ಕಳೆದದ್ದು 8. ಬಿಡಿ 5 ಆಗಿಯೇ ಉಳಿದರೆ ಕಳೆದದ್ದು 10.

ಇದು ಸರಾಗವಾದ ಮೇಲೆ ನಲವತ್ತೂ ಎಲೆ. ನಾಲ್ಕು ಜೊತೆಯ ಮೊತ್ತ 220, ಬಿಡಿ ಸೊನ್ನೆ. ಆಗ ಉತ್ತರ ತೆಗೆಯುವುದು ಇನ್ನೂ ಸುಲಭ: ಕೊನೆಯ ಬಿಡಿಗೆ ಎಷ್ಟು ಸೇರಿಸಿದರೆ ಹತ್ತಾಗುತ್ತದೋ ಅದೇ ಕಳೆದ ಎಲೆ. ಆದರೆ ಮೂವತ್ತೊಂಬತ್ತು ಎಲೆ ತಪ್ಪದೆ ಕೂಡಬೇಕು. ಮೊದಲ ದಿನ ನಾಲ್ಕು ನಿಮಿಷ ತೆಗೆದುಕೊಂಡ ಮಗು ಮೂರ್ನಾಲ್ಕು ವಾರದಲ್ಲಿ ಒಂದೂವರೆ ನಿಮಿಷಕ್ಕೆ ಬರುವುದನ್ನು ಮೂರೂ ಊರಲ್ಲಿ ಕಂಡಿದ್ದೇನೆ.

ಈ ವೇಗ ಎಲ್ಲಿಂದ ಬರುತ್ತದೆ ಎಂಬುದೇ ನನಗೆ ಮುಖ್ಯವಾದ ವಿಷಯ. ಮೆದುಳು ಚುರುಕಾಗಿ ಎಣಿಸಲು ಕಲಿಯಿತು ಎಂದು ತಂದೆತಾಯಿಗಳು ತಿಳಿಯುತ್ತಾರೆ. ಆಗಿದ್ದು ಅದಲ್ಲ, ಮಗು ಎಣಿಸುವುದನ್ನೇ ಬಿಟ್ಟಿರುತ್ತದೆ. ಐದನೆಯ ತರಗತಿಗೆ ಬಂದರೂ ಎಷ್ಟೋ ಮಕ್ಕಳು 8ಕ್ಕೆ 7 ಕೂಡಲು ಒಂಬತ್ತು, ಹತ್ತು, ಹನ್ನೊಂದು ಎಂದು ಏಳು ಹೆಜ್ಜೆ ನಡೆಯುತ್ತಾರೆ. ಬೆರಳು ಕಾಣಿಸಬಾರದೆಂದು ಬಯ್ದರೆ ಬೆರಳನ್ನು ಬೆನ್ನ ಹಿಂದೆ ಒಯ್ಯುತ್ತಾರೆ, ಅಲ್ಲೂ ಹಿಡಿದರೆ ನಾಲಿಗೆಯಿಂದ ಹಲ್ಲು ಮುಟ್ಟುತ್ತಾ ಎಣಿಸುತ್ತಾರೆ. ಬಯ್ಯುವುದರಿಂದ ಆಗುವುದು ಇಷ್ಟೇ. ದಾರಿ ಬಲ್ಲ ಮಗು ಮಾತ್ರ 8ಕ್ಕೆ ಎರಡು ಸಾಕು ಹತ್ತಾಗಲು, ಏಳರಲ್ಲಿ ಎರಡು ಹೋದರೆ ಐದು ಎಂದು ಒಂದೇ ನೆಗೆತಕ್ಕೆ ದಾಟುತ್ತದೆ.

ಎರಡನ್ನೂ ಬೇರ್ಪಡಿಸಿ ನೋಡಲು ಗಡಿಯಾರವೂ ಬೇಡ, ಕಿವಿ ಸಾಕು. ನಾಲಿಗೆಯ ಮೇಲೆ 6 ಇದೆ ಎನ್ನೋಣ. 2ರ ಎಲೆ ಬಂದಾಗ ಮಗು ಎಷ್ಟು ಬೇಗ ಹೇಳಿತು, 9ರ ಎಲೆ ಬಂದಾಗ ಎಷ್ಟು ಹೊತ್ತು ತೆಗೆದುಕೊಂಡಿತು, ಇಷ್ಟು ಗಮನಿಸಿ. ಎಣಿಸುವ ಮಗುವಿಗೆ 9 ಎಂದರೆ ಒಂಬತ್ತು ಹೆಜ್ಜೆ, ಬಹಳ ತಡವಾಗುತ್ತದೆ. ನೆಗೆಯುವ ಮಗುವಿಗೆ 9 ಎಲ್ಲಕ್ಕಿಂತ ಸುಲಭದ ಎಲೆಗಳಲ್ಲೊಂದು, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು. ನಾನು ಹೊಸ ಮಗು ಬಂದ ಮೊದಲ ದಿನ ಬೇರೆ ಪರೀಕ್ಷೆ ಮಾಡುವುದೇ ಇಲ್ಲ. ಹತ್ತು ಎಲೆ ತಿರುವಿಸಿ 9 ಮತ್ತು 8 ಬಂದಾಗ ಮುಖ ನೋಡುತ್ತೇನೆ.

ಎಣಿಸುವ ಮಗುವಿಗೆ ಈ ಆಟವನ್ನು ತಕ್ಷಣ ಕೊಡಬಾರದು. ಕೊಟ್ಟರೆ ಅದು ಇನ್ನಷ್ಟು ಬೇಗ ಎಣಿಸಲು ಕಲಿಯುತ್ತದೆ, ಅಷ್ಟೇ. ಅವರಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತು ಮನೆ ಬರೆಯುತ್ತೇವೆ, ಮೇಲೆ ಐದು ಕೆಳಗೆ ಐದು. ಅದರಲ್ಲಿ ಎಂಟು ಹುಣಸೆಬೀಜ ಇಟ್ಟರೆ ಎರಡು ಮನೆ ಖಾಲಿ ಇರುವುದು ಎಣಿಸದೆಯೇ ಕಾಣುತ್ತದೆ. ಆ ಖಾಲಿ ಮನೆ ಕಣ್ಣಿನಲ್ಲಿ ಕೂರಬೇಕು. ಆಮೇಲೆ "ಹತ್ತರ ಜೋಡಿ": ಹನ್ನೆರಡು ಎಲೆ ಮುಖ ಮೇಲಾಗಿ ಹರಡಿ, ಹತ್ತಾಗುವ ಎರಡೆರಡನ್ನು ಎತ್ತುವುದು. 1ಕ್ಕೆ 9, 2ಕ್ಕೆ 8, 3ಕ್ಕೆ 7, 4ಕ್ಕೆ 6, 5ಕ್ಕೆ 5. 10 ಒಂಟಿಯಾಗಿ ಹೋಗುತ್ತದೆ. ಎತ್ತಿದ ಜಾಗಕ್ಕೆ ಹೊಸ ಎಲೆ. ಸರಿಯಾಗಿ ಆಡಿದರೆ ಹದಿನೆಂಟು ಜೋಡಿ, ನಾಲ್ಕು ಒಂಟಿ ಹೋಗಿ ನೆಲ ಖಾಲಿಯಾಗುತ್ತದೆ. ಕೊನೆಗೆ ಎಲೆ ಉಳಿದರೆ ಯಾರೋ 7ಕ್ಕೆ 4 ಜೋಡಿಸಿದ್ದಾರೆ ಎಂದು ಅರ್ಥ, ಯಾರು ಎಂದು ಕೇಳುವ ಅಗತ್ಯವಿಲ್ಲ, ಎತ್ತಿದ ಜೋಡಿಗಳನ್ನು ಅವರೇ ಬಿಚ್ಚಿ ಹುಡುಕುತ್ತಾರೆ. ಒಂದೆರಡು ವಾರ ಇದಾದ ಮೇಲೆಯೇ "ಕಳೆದ ಎಲೆ".

ಇಲ್ಲಿ ಭಾಷೆಯ ಒಂದು ಮಾತು. ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಿಂದ ಬರುವ ಮಕ್ಕಳ ಮನೆಮಾತು ತೆಲುಗು. ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಾರೆ, ಆದರೆ ಲೆಕ್ಕವನ್ನು ಒಳಗೊಳಗೇ ತೆಲುಗಿನಲ್ಲಿ ಮಾಡಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ. ಆ ತಿರುಗಿಸುವ ಹೊತ್ತನ್ನು ನಾವು ದಡ್ಡತನ ಎಂದುಕೊಳ್ಳುತ್ತೇವೆ. ಇಂಗ್ಲಿಷ್ ಮಾಧ್ಯಮದ ಮಕ್ಕಳದ್ದೂ ಇದೇ ಕಥೆ, ಅವರು "ಸೆವೆನ್" ಎಂದೇ ಯೋಚಿಸುವುದು. ನಾಲಿಗೆಗೆ ಯಾವುದು ಮೊದಲು ಬರುತ್ತದೋ ಆ ಭಾಷೆಯಲ್ಲೇ ಹೇಳು ಎಂದ ಮೇಲೆ ಹಲವರ ವೇಗ ಆ ದಿನವೇ ಹೆಚ್ಚಿತು.

ಈಗ ಹುಣಸೆಬೀಜಕ್ಕೆ ಬರುತ್ತೇನೆ. ಬಿಡಿಯನ್ನು ಮಾತ್ರ ಇಟ್ಟುಕೊಂಡು ಹತ್ತನ್ನು ಎಸೆಯುವುದರಲ್ಲಿ ಒಂದು ಅಪಾಯವಿದೆ. ಮಗು 27ಕ್ಕೆ 8 ಕೂಡುವಾಗಲೂ 5 ಎಂದು ಬರೆದು ಸುಮ್ಮನಾಗಬಹುದು. ಅದಕ್ಕಾಗಿ ಎರಡನೆಯ ತಿಂಗಳಿನಿಂದ, ಹತ್ತನ್ನು ಬಿಟ್ಟಾಗಲೆಲ್ಲ ಪಕ್ಕದಲ್ಲಿ ಒಂದು ಬೀಜ ಇಡಬೇಕು. ಒಂದು ಬೀಜ ಎಂದರೆ ಒಂದು ಹತ್ತು. ಕೊನೆಯಲ್ಲಿ ಬೀಜಗಳ ಎಣಿಕೆ ಹತ್ತರ ಸ್ಥಾನ, ನಾಲಿಗೆಯ ಮೇಲಿರುವುದು ಬಿಡಿಯ ಸ್ಥಾನ. 21 ಬೀಜ, ನಾಲಿಗೆಯ ಮೇಲೆ 2. ಹಾಗಾದರೆ ಮೊತ್ತ 212, ಕಳೆದದ್ದು 8. ಶಾಲೆಯಲ್ಲಿ "ಕೈಯಲ್ಲಿ ಒಂದು" ಎಂದು ಹೇಳಿಕೊಡುತ್ತಾರಲ್ಲ, ಅದು ಇದೇ. ಕೈಯಲ್ಲಿ ನಿಜವಾಗಿ ಒಂದು ಇರುತ್ತದೆ ಎಂಬುದಷ್ಟೇ ವ್ಯತ್ಯಾಸ. ನಾನು ಕಾಲುವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಳತೆ ಪುಸ್ತಕದ ಉದ್ದುದ್ದ ಪಟ್ಟಿಗಳನ್ನು ಹಳೆಯ ಗುಮಾಸ್ತರು ಹೀಗೇ ಕೂಡುತ್ತಿದ್ದರು: ಹತ್ತು ತುಂಬಿದಲ್ಲೆಲ್ಲ ಪೆನ್ಸಿಲಿನಿಂದ ಒಂದು ಚುಕ್ಕೆ, ಕೊನೆಗೆ ಚುಕ್ಕೆ ಎಣಿಸಿದರೆ ಮುಂದಿನ ಸಾಲಿಗೆ ಒಯ್ಯುವ ದಶಕ.

ಬೀಜಗಳಿಂದ ಇನ್ನೊಂದು ಲಾಭ, ಇದು ನನಗೆ ಬಲು ಇಷ್ಟ. ತಪ್ಪು ಎಲ್ಲಾಯಿತೆಂದು ಉತ್ತರವೇ ಹೇಳುತ್ತದೆ. ಲಿಂಗಸೂಗೂರಿನಲ್ಲಿ ಒಬ್ಬ ಹುಡುಗ ಬಿಡಿಯನ್ನಷ್ಟೇ ಇಟ್ಟುಕೊಂಡು ಆಡಿ, ಕಳೆದದ್ದು 3 ಎಂದ. ತೆಗೆದು ನೋಡಿದರೆ 8. ಅದೇ ಕಟ್ಟನ್ನು ಅದೇ ಕ್ರಮದಲ್ಲಿ ಬೀಜ ಇಡುತ್ತಾ ಮತ್ತೆ ಕೂಡಲು ಹೇಳಿದೆ. 20 ಬೀಜ, ನಾಲಿಗೆಯ ಮೇಲೆ 7, ಅಂದರೆ 207. 220ಕ್ಕೆ ಇನ್ನೂ 13 ಬೇಕು. ಹದಿಮೂರರ ಎಲೆ ಕಟ್ಟಿನಲ್ಲೇ ಇಲ್ಲ! ಅವನೇ ಒಂದು ನಿಮಿಷ ಯೋಚಿಸಿ, "ಎಂಟು ಚಾಪಿ ಕೆಳಗೈತ್ರಿ, ಇನ್ನೊಂದು ಐದು ಎಲ್ಲೋ ಅಂಟಿಕೊಂಡೈತ್ರಿ" ಎಂದ. ಹೌದು, ಬೆವರು ಕೈಗೆ ಎರಡು ಎಲೆ ಅಂಟಿ ಒಂದಾಗಿ ತಿರುವಿದ್ದವು. ಬಿಡಿ ಮಾತ್ರ ನೋಡಿದಾಗ 3 ಎಂಬ ಉತ್ತರ ಸರಿಯಾದ ಉತ್ತರದಂತೆಯೇ ಕಾಣುತ್ತಿತ್ತು. ಬೀಜ ಅದನ್ನು ಬಯಲಿಗೆಳೆಯಿತು.

ಉತ್ತರ 18 ಬಂದರೆ ಒಂದು ಬೀಜ ಇಡಲು ಮರೆತಿದ್ದಾರೆ, ಇಲ್ಲವೇ ಹತ್ತರ ಎಲೆಯೇ ಅಂಟಿದೆ. ಎಲೆ ಎಣಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಆದರೆ ಬೀಜಕ್ಕೂ ಸಿಗದ ತಪ್ಪು ಒಂದಿದೆ. 8ಕ್ಕೆ 7 ಕೂಡುವಾಗ ಎಂಟನ್ನೇ ಮೊದಲ ಹೆಜ್ಜೆ ಎಂದು ಎಣಿಸಿದ ಮಗು 14 ಎನ್ನುತ್ತದೆ. ಆಗ ಕೊನೆಗೆ 211 ಬಂದು, ಕಳೆದದ್ದು 9 ಎನ್ನುತ್ತದೆ. ಒಂಬತ್ತರ ಎಲೆ ಕಟ್ಟಿನಲ್ಲಿದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಉತ್ತರ ಪದೇಪದೇ ಒಂದರಿಂದ ತಪ್ಪುತ್ತಿದ್ದರೆ ಆ ಮಗು ಇನ್ನೂ ಎಣಿಸುತ್ತಿದೆ ಎಂದು ತಿಳಿದು ಮತ್ತೆ ಸೀಮೆಸುಣ್ಣದ ಹತ್ತು ಮನೆಗೆ ಕರೆದುಕೊಂಡು ಹೋಗಬೇಕು. ಮಿಕ್ಕವರಿಗೆ ಕಟ್ಟನ್ನು ಬೋರಲು ಹಾಕಿ ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಕೂಡಿಸುತ್ತೇವೆ. ಗುಮಾಸ್ತರೂ ತಾಳೆ ನೋಡುತ್ತಿದ್ದದ್ದು ಹಾಗೆಯೇ, ಪಟ್ಟಿಯ ಬುಡದಿಂದ ತಲೆಗೆ. ಅದೇ ದಾರಿಯಲ್ಲಿ ಮತ್ತೆ ನಡೆದರೆ ಅದೇ ಕಲ್ಲಿಗೆ ಎಡವುತ್ತೇವೆ.

ಮಕ್ಕಳೇ ಕಂಡುಕೊಂಡ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು. ಮಸ್ಕಿಯ ಒಬ್ಬ ಹುಡುಗಿ 9ರ ಎಲೆ ಬಂದಾಗ ಕೂಡುತ್ತಲೇ ಇರಲಿಲ್ಲ. "ಒಂಬತ್ತು ಬಂದ್ರ ಒಂದು ಬೀಜ ಇಟ್ಟು ಒಂದು ಹಿಂದಕ್ಕ ಬರೋದ್ರಿ ಅಜ್ಜಾ" ಎಂದಳು. 6 ಇದ್ದಲ್ಲಿ 9 ಬಂದರೆ ಬೀಜ, ಮತ್ತೆ 5. ಎಂಟಕ್ಕೆ ಎರಡು ಹಿಂದೆ, ಏಳಕ್ಕೆ ಮೂರು ಹಿಂದೆ. ಎರಡು ದಿನದಲ್ಲಿ ಇಡೀ ಗುಂಪು ಅದನ್ನೇ ಹಿಡಿಯಿತು. ಮೂರನೆಯ ದಿನ ಎಲ್ಲರೂ ಒಂದೇ ಕಡೆ ಮುಗ್ಗರಿಸಿದರು: ನಾಲಿಗೆಯ ಮೇಲೆ ಸೊನ್ನೆ ಇದ್ದಾಗ 9 ಬಂತು. ಬೀಜ ಇಟ್ಟರು, ಒಂದು ಹಿಂದೆ ಹೋಗಲು ಜಾಗವಿಲ್ಲ! ಸೊನ್ನೆಗೆ 9 ಕೂಡಿದರೆ 9, ಹತ್ತು ತುಂಬಿಲ್ಲ, ಬೀಜ ಇಡುವಂತಿಲ್ಲ. 8 ಬಂದಾಗ ನಾಲಿಗೆಯ ಮೇಲೆ 0 ಅಥವಾ 1 ಇದ್ದರೂ ಹಾಗೆಯೇ. ಉಪಾಯ ಯಾವಾಗ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ ಎಂದು ಚಾಪೆಯ ಮೇಲೆ ಅರ್ಧ ಗಂಟೆ ಜಗಳವೇ ನಡೆಯಿತು. ನಾನು ಬಾಯಿ ಬಿಡಲಿಲ್ಲ. "ಹಿಂದೆ ಹೋಗುವಷ್ಟು ನಾಲಿಗೆಯ ಮೇಲೆ ಇರಬೇಕು" ಎಂಬ ಷರತ್ತನ್ನು ಕೊನೆಗೆ ಅವರೇ ಹಾಕಿಕೊಂಡರು.

ಕೆಲವು ಪಾಲಕರು ಕೇಳುತ್ತಾರೆ, ಪಟ್ಟಣದ ಶಾಲೆಗಳಲ್ಲಿ "ಇಪ್ಪತ್ನಾಲ್ಕು" ಎಂಬ ಆಟ ಆಡಿಸುತ್ತಾರಂತೆ, ಅದನ್ನೇ ಆಡಿಸಬಾರದೇ ಎಂದು. ಒಳ್ಳೆಯ ಆಟ. ಚೀನಾದಲ್ಲಿ ಎಲೆಗಳಿಂದ ಆಡುತ್ತಿದ್ದದ್ದು. 1988ರಲ್ಲಿ ರಾಬರ್ಟ್ ಸನ್ ಎಂಬುವರು ಅದನ್ನು ಅಮೆರಿಕದ ಶಾಲೆಗಳಿಗೆ ಹೊಂದುವ ಹಾಗೆ ಅಚ್ಚು ಮಾಡಿಸಿದರು. ನಾಲ್ಕು ಎಲೆ ತೆರೆದು, ಕೂಡಿ ಕಳೆದು ಗುಣಿಸಿ ಭಾಗಿಸಿ 24 ಮಾಡಬೇಕು. 4, 5, 6, 10 ಬಂದರೆ ನಾಲ್ಕೈದಲ ಇಪ್ಪತ್ತು, ಹತ್ತು ಸೇರಿ ಮೂವತ್ತು, ಆರು ಹೋದರೆ ಇಪ್ಪತ್ನಾಲ್ಕು. ಒಂದರಿಂದ ಹತ್ತರ ಎಲೆಗಳಲ್ಲಿ ಬರಬಹುದಾದ 715 ಬಗೆಯ ನಾಲ್ಕರ ಗುಂಪುಗಳಲ್ಲಿ 566ಕ್ಕೆ ಉತ್ತರವಿದೆ. ಉಳಿದವು ಆಗುವುದೇ ಇಲ್ಲ. ಗುಣಾಕಾರಕ್ಕೆ ನಮ್ಮ "ಕಳೆದ ಎಲೆ" ಏನೂ ಮಾಡುವುದಿಲ್ಲ, ಮಗ್ಗಿ ಬರಬೇಕಾದರೆ ಮಗ್ಗಿಯನ್ನೇ ಹೇಳಬೇಕು. ಮಗ್ಗಿ ಬಂದ ಮಕ್ಕಳಿಗೆ ಇಪ್ಪತ್ನಾಲ್ಕು ಬಹಳ ಚೆನ್ನ.

ಆದರೂ ಹತ್ತು ವರ್ಷದ ಮಕ್ಕಳ ಬೆರಕೆ ಗುಂಪಿಗೆ ನಾನು ಅದನ್ನು ಮೊದಲ ಆಟವಾಗಿ ಕೊಡಲಾರೆ. ಎಲ್ಲರೂ ಒಂದೇ ನಾಲ್ಕು ಎಲೆ ನೋಡುತ್ತಾರೆ, ಮೊದಲು ನೆಲ ಬಡಿದವನು ಗೆದ್ದ. ಹನ್ನೆರಡು ಮಕ್ಕಳಲ್ಲಿ ಇಬ್ಬರು ಬಡಿಯುತ್ತಾರೆ. ಉಳಿದ ಹತ್ತು ಜನ ಯೋಚಿಸಲು ಶುರು ಮಾಡುವಷ್ಟರಲ್ಲಿ ಉತ್ತರ ಬಂದುಬಿಟ್ಟಿರುತ್ತದೆ. ನಾಲ್ಕು ದಿನ ಹೀಗಾದರೆ ಆ ಹತ್ತು ಮಂದಿ ಎಲೆ ನೋಡುವುದನ್ನು ಬಿಟ್ಟು ಬಡಿಯುವ ಇಬ್ಬರ ಮುಖ ನೋಡುತ್ತಾ ಕೂರುತ್ತಾರೆ. "ಕಳೆದ ಎಲೆ"ಯಲ್ಲಿ ಪ್ರತಿ ಮಗುವಿನ ಕೈಯಲ್ಲಿ ತನ್ನದೇ ಕಟ್ಟು. ಹಿಂದಿನ ವಾರದ ತನ್ನ ಸಮಯವನ್ನು ತಾನೇ ಪಟ್ಟಿಯ ಹಿಂದೆ ಬರೆದುಕೊಂಡಿರುತ್ತದೆ, ಪೈಪೋಟಿ ಅದರೊಂದಿಗೆ. ಪಕ್ಕದವನ ವೇಗ ಕೇಳುವಂತಿಲ್ಲ. ಇದು ಬಹಳ ಮೆತ್ತಗಿನ ಕ್ರಮ ಎಂದು ನಮ್ಮ ಗುಂಪಿನ ಇನ್ನೊಬ್ಬ ನಿವೃತ್ತ ಮೇಷ್ಟ್ರು ನನ್ನೊಡನೆ ವಾದ ಮಾಡುತ್ತಾರೆ, ಸ್ಪರ್ಧೆ ಇಲ್ಲದೆ ಗಂಡುಹುಡುಗರು ಕೂರುವುದಿಲ್ಲ ಎನ್ನುತ್ತಾರೆ. ಕೂರುತ್ತಿದ್ದಾರೆ. ಅವರ ಗಂಟಲು ಸ್ವಲ್ಪ ಇಳಿದಿದೆ ಅಷ್ಟೆ.

ಆಟದ ಮಿತಿಯನ್ನೂ ಹೇಳದೆ ಹೋದರೆ ನಾನು ವ್ಯಾಪಾರಿಯ ಮಾತಾಡಿದಂತಾದೀತು. ದೆಹಲಿಯ ಶಾಲಾಪೂರ್ವ ಕೇಂದ್ರಗಳ ಮಕ್ಕಳಿಗೆ ಸಂಖ್ಯೆಯ ಆಟಗಳನ್ನು ಆಡಿಸಿ ನಡೆಸಿದ ಒಂದು ದೊಡ್ಡ ಪ್ರಯೋಗದ ವರದಿ 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಆಟದಿಂದ ಬಂದ ಅಂದಾಜಿನ ಚುರುಕು ವರ್ಷ ಕಳೆದರೂ ಉಳಿದಿತ್ತು. ಆದರೆ ಆ ಮಕ್ಕಳು ಪ್ರಾಥಮಿಕ ಶಾಲೆಗೆ ಹೋದಾಗ ಅಲ್ಲಿನ ಲೆಕ್ಕದಲ್ಲಿ ಅದರಿಂದ ಮುನ್ನಡೆ ಕಾಣಲಿಲ್ಲ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಕೊಲ್ಕತ್ತಾ ಮತ್ತು ದೆಹಲಿಯ ಸಂತೆಗಳಲ್ಲಿ ಮಾರಾಟಕ್ಕೆ ಕೂರುವ ಮಕ್ಕಳದ್ದು. ಗಿರಾಕಿಗೆ ಚಿಲ್ಲರೆ ಕೊಡುವಾಗ ತೊಡಕಿನ ಲೆಕ್ಕವನ್ನೂ ಬಾಯಲ್ಲೇ ತಪ್ಪಿಲ್ಲದೆ ಮಾಡುವ ಮಗು, ಅದೇ ತೂಕದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟರೆ ತಡವರಿಸಿತು. ಶಾಲೆಯಲ್ಲಿ ಜಾಣನಾದ ಮಗು ಸಂತೆಯ ಲೆಕ್ಕದಲ್ಲಿ ತಡವರಿಸಿತು. ಸಿಂಧನೂರಿನ ತರಕಾರಿ ಮಾರುಕಟ್ಟೆಯಲ್ಲಿ ತಾಯಿಯ ಪಕ್ಕ ಕೂತ ಹುಡುಗನನ್ನೂ ಅವನ ಪರೀಕ್ಷೆಯ ಅಂಕಪಟ್ಟಿಯನ್ನೂ ಒಟ್ಟಿಗೆ ನೋಡಿದವರಿಗೆ ಇದು ಆಶ್ಚರ್ಯವೆನಿಸದು.

ಅಂದರೆ ಚಾಪೆಯ ಮೇಲಿನ ಚುರುಕು ತಾನಾಗಿಯೇ ಪಾಟಿಗೆ ಹತ್ತುವುದಿಲ್ಲ, ಹತ್ತಿಸಬೇಕು. ಹಾಗಾಗಿ ನಮ್ಮ ಒಂದು ಗಂಟೆಯಲ್ಲಿ ಆಟ ನಲವತ್ತೈದು ನಿಮಿಷ ಮಾತ್ರ. ಉಳಿದ ಹದಿನೈದು ನಿಮಿಷ ನೋಟ್‌ಬುಕ್ಕು. ಅಂದು ತಾನು ತಿರುವಿದ ಎಲೆಗಳಲ್ಲಿ ಮೊದಲ ಹತ್ತನ್ನು ಕ್ರಮವಾಗಿ ಒಂದರ ಕೆಳಗೊಂದು ಬರೆದು, ಶಾಲೆಯ ರೀತಿಯಲ್ಲೇ ಕೂಡಿ, ದಶಕವನ್ನು ಮೇಲೆ ಬರೆಯಬೇಕು. ಆಮೇಲೆ 27+8, 46+9, 83-7 ಇಂಥ ಐದು ಲೆಕ್ಕ. ಎಲೆಯಲ್ಲಿ 9ಕ್ಕೆ ಒಂದು ಹಿಂದೆ ಬಂದ ಮಗು ಕಾಗದದಲ್ಲಿ 46+9ನ್ನು ಮತ್ತೆ ಬೆರಳು ಮಡಿಚಿ ಮಾಡಿದರೆ, ಆ ಜಾಗದಲ್ಲಿ ಒಂದು ಮಾತು ಹೇಳಿದರೆ ಸಾಕು: "ಒಂಬತ್ತರ ಎಲಿ ಬಂದೈತಿ ನೋಡು." ಈ ಹದಿನೈದು ನಿಮಿಷ ಮಕ್ಕಳಿಗೆ ಇಷ್ಟವಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋದ ದಿನ ನಮಗೂ ಇಷ್ಟವಿರುವುದಿಲ್ಲ. ಇದನ್ನು ಬಿಟ್ಟ ಗುಂಪು ಮಾತ್ರ ಬರೀ ಆಟದ ಗುಂಪಾಗುತ್ತದೆ, ಆಗ ಆ ಹಿರಿಯರ ಪ್ರಶ್ನೆಗೆ ನನ್ನ ಬಳಿ ಉತ್ತರ ಇರುವುದಿಲ್ಲ.

ಮಠದ ಸಮಿತಿಯವರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಹಣ ಬೇಡ. ಸೋಮವಾರದಿಂದ ಗುರುವಾರದವರೆಗೆ ಸಂಜೆ ಐದರಿಂದ ಆರು, ಸಾಮೂಹಿಕ ಪ್ರಾರ್ಥನೆಗೆ ಮೊದಲು, ಪಡಸಾಲೆಯ ಒಂದು ಮೂಲೆ ಮತ್ತು ಮೂರು ಚಾಪೆ. ಬಾಗಿಲು ಪೂರ್ತಿ ತೆರೆದಿರಲಿ, ದಾಸೋಹದ ಕಡೆಯಿಂದ ಹೋಗಿಬರುವ ಯಾರಾದರೂ ಒಳಗೆ ಬಂದು ಕೂರಲಿ. ಗೆದ್ದದ್ದಕ್ಕೆ ಏನನ್ನಾದರೂ ಕೊಡುವುದು ಕಂಡುಬಂದರೆ ಅಂದೇ ನಿಲ್ಲಿಸಿಬಿಡಿ. ಇಸ್ಪೀಟಿನ ಚಿತ್ರ ಬೇಡವೆಂದರೆ ಲಗ್ನಪತ್ರಿಕೆಯ ಎಲೆಯಲ್ಲೇ ಆಡಿಸುತ್ತೇವೆ. ಮೂಲೆ ಮಡಿಚಿದಾಗ ಹೊಸದು ಮಾಡಿಕೊಳ್ಳಲು ನಮ್ಮೂರುಗಳಲ್ಲಿ ಲಗ್ನಗಳಿಗೇನೂ ಬರವಿಲ್ಲ. ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದ ಆ ಎರಡು ಮನೆಯವರು ಒಂದು ಸಂಜೆ ಬಂದು, ತಮ್ಮ ಮಗುವಿನ ಎದುರು ಕೂತು ನಲವತ್ತು ಎಲೆ ತಿರುವಿ ನೋಡಲಿ. ಅವರಿಗೆ ಎಷ್ಟು ನಿಮಿಷ ಹಿಡಿಯಿತೆಂದು ನಾವು ಯಾರಿಗೂ ಹೇಳುವುದಿಲ್ಲ.